ಒಲೆಯ ಪಕ್ಕದ ಉಪ್ಪಿನ ಬಟ್ಟಲು

ಅಮ್ಮನಿಗೆ 68 ವರ್ಷ. ಬಿಪಿ ಮಾತ್ರೆ ಶುರುವಾಗಿ ಆರು ವರ್ಷ ಆಯಿತು. ಕಳೆದ ಮಳೆಗಾಲದಲ್ಲಿ ಒಂದು ವಾರ ಬೆಳಗ್ಗೆ, ಸಂಜೆ ಮನೆಯಲ್ಲೇ ಅಳೆದು ಬರೆದಿಟ್ಟೆವು. ಸರಾಸರಿ 148/86 ಬಂತು. ಡಾಕ್ಟರು ಚೀಟಿ ನೋಡಿ, "ಮಾತ್ರೆ ಜಾಸ್ತಿ ಮಾಡೋಕೆ ಮುಂಚೆ ಎರಡು ಮೂರು ತಿಂಗಳು ಉಪ್ಪು ಕಮ್ಮಿ ಮಾಡಿ ನೋಡೋಣ" ಎಂದರು. ನಾವು ಹೂಂ ಅಂದು ಬಂದೆವು. ಮನೆಗೆ ಬಂದ ಮೇಲೆ ಗೊತ್ತಾಗಿದ್ದು, ಎಷ್ಟರಿಂದ ಎಷ್ಟಕ್ಕೆ ಕಮ್ಮಿ ಮಾಡಬೇಕು ಅನ್ನುವುದೇ ನನಗೆ ಗೊತ್ತಿಲ್ಲ ಅಂತ. ನಮ್ಮ ಅಡುಗೆಯಲ್ಲಿ ಉಪ್ಪಿಗೆ ಅಳತೆ ಎಲ್ಲಿದೆ? ಕೈ ಅಂದಾಜು ಅಷ್ಟೇ.

ಮೊದಲ ಸಲ ಮಾಡಿದ್ದು ತಪ್ಪಾಯಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಮನೆಗಳಲ್ಲಿ ಇದೇ ಆಗುತ್ತದೆ. ಮರುದಿನವೇ ಸಾರಿಗೆ, ಪಲ್ಯಕ್ಕೆ, ಎಲ್ಲದಕ್ಕೂ ಅರ್ಧದಷ್ಟೇ ಉಪ್ಪು ಹಾಕಿದೆ. ಅಮ್ಮ ಒಂದು ತುತ್ತು ತಿಂದು, "ಉಪ್ಪೇ ಇಲ್ವಲ್ಲ ಮಾರಾಯ್ತಿ" ಎಂದಳು. ಯಜಮಾನರು ಏನೂ ಮಾತಾಡದೆ ಉಪ್ಪಿನ ಡಬ್ಬಿ ಹತ್ತಿರ ಎಳೆದುಕೊಂಡರು. ಮಗ ಸಾರನ್ನ ಬಿಟ್ಟು ಮೊಸರನ್ನಕ್ಕೆ ಹೋದ. ಹತ್ತು ದಿನ ಹೀಗೇ ನಡೆಯಿತು. ಆಮೇಲೊಂದು ದಿನ ಉಪ್ಪಿನಕಾಯಿ ಜಾಡಿ ತೆಗೆದರೆ ತಳ ಕಾಣುತ್ತಿದೆ! ತಿಂಗಳಿಗೆ ಒಂದು ಜಾಡಿ ಖಾಲಿ ಆಗುತ್ತಿದ್ದ ಮನೆಯಲ್ಲಿ ಹತ್ತೇ ದಿನಕ್ಕೆ ಮುಗಿಯಲು ಬಂದಿತ್ತು. ಸಾರಿನಿಂದ ನಾನು ತೆಗೆದ ಉಪ್ಪು ಜಾಡಿಯ ದಾರಿಯಲ್ಲಿ ತಟ್ಟೆಗೆ ವಾಪಸ್ ಬಂದಿತ್ತು. ಬಿಪಿ ಒಂದು ಚೂರೂ ಇಳಿದಿರಲಿಲ್ಲ.

ಆಗ ಅನ್ನಿಸಿತು, ಮೊದಲು ಲೆಕ್ಕ ಬೇಕು ಅಂತ.

ಎಲ್ಲಕ್ಕಿಂತ ಸುಲಭದ ಲೆಕ್ಕ ಉಪ್ಪಿನ ಪ್ಯಾಕೆಟ್ಟಿನಲ್ಲೇ ಇದೆ. ಒಂದು ಕೆಜಿ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದೆ. ನಾವು ನಾಲ್ಕು ಜನ, ಮೂರು ಹೊತ್ತೂ ಮನೆಯ ಅಡುಗೆ, ಡಬ್ಬಿಗೂ ಅದೇ. ಪ್ಯಾಕೆಟ್ 24 ದಿನಕ್ಕೆ ಮುಗಿಯಿತು. 1000 ಗ್ರಾಮನ್ನು 24 ದಿನಕ್ಕೆ, ಮತ್ತೆ ನಾಲ್ಕು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ದಿನಕ್ಕೆ 10 ಗ್ರಾಂ ದಾಟುತ್ತದೆ. ಸೊಪ್ಪು ತೊಳೆಯಲು ಹಾಕಿದ್ದು, ಉಳಿದು ಚೆಲ್ಲಿದ ಸಾರು ಇವನ್ನೆಲ್ಲ ಸ್ವಲ್ಪ ಕಳೆಯಬಹುದು. ಆದರೆ ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಕುರುಕು ತಿಂಡಿ ಯಾವುದೂ ಈ ಲೆಕ್ಕದಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಮ್ಮಿ, ಅದೂ ಎಲ್ಲಾ ಸೇರಿ. ಅಂದರೆ ಒಂದು ಸಣ್ಣ ಟೀ ಚಮಚದಷ್ಟು ಪುಡಿ ಉಪ್ಪು. ನಮ್ಮ ಮನೆಯಲ್ಲಿ ಅದರ ಎರಡರಷ್ಟು ಒಲೆ ಮೇಲೇ ಖರ್ಚಾಗುತ್ತಿತ್ತು.

ಇನ್ನೂ ಹತ್ತಿರದಿಂದ ನೋಡೋಣ ಅಂತ ಅಡುಗೆಮನೆಗೆ ಒಂದು ಸಣ್ಣ ತೂಕದ ಯಂತ್ರ ತಂದೆ. ಬೆಳಗ್ಗೆ ಒಂದು ಸ್ಟೀಲ್ ಬಟ್ಟಲಿಗೆ 45 ಗ್ರಾಂ ಉಪ್ಪು ತೂಗಿ ಒಲೆ ಪಕ್ಕ ಇಟ್ಟೆ. ಇಡೀ ದಿನ ಯಾರು ಏನು ಮಾಡಿದರೂ ಅದರಿಂದಲೇ ತೆಗೆಯಬೇಕು, ಪ್ರತಿ ಸಲ ತೆಗೆದ ಮೇಲೆ ಬಟ್ಟಲು ತೂಗಬೇಕು. ಅವತ್ತಿನ ಚೀಟಿ ಇನ್ನೂ ಇದೆ. ಬೆಳಗಿನ ಉಪ್ಪಿಟ್ಟಿಗೆ 8 ಗ್ರಾಂ. ಮಧ್ಯಾಹ್ನದ ಸಾರಿಗೆ 9. ಬೀನ್ಸ್ ಪಲ್ಯಕ್ಕೆ 5. ಮಜ್ಜಿಗೆಗೆ 4. ರಾತ್ರಿ ಚಪಾತಿ ಹಿಟ್ಟಿಗೆ 5, ಸಾಗುವಿಗೆ 8. ಒಟ್ಟು 39. ಅನ್ನಕ್ಕೆ ನಾವು ಉಪ್ಪು ಹಾಕುವುದಿಲ್ಲ, ಅದೊಂದು ಪುಣ್ಯ. ಅಮ್ಮನ ಪಾಲಿಗೆ ಹತ್ತು ಗ್ರಾಂ ಹತ್ತಿರ ಇಲ್ಲೇ ಆಯಿತು.

ಅದರ ಮೇಲೆ ಅಮ್ಮನ ಉಪ್ಪಿನಕಾಯಿ. ಅಮ್ಮ ಸಾಗರದ ಕಡೆಯವಳು. ಅಪ್ಪೆಮಿಡಿ ಇಲ್ಲದೆ ಅವಳ ಊಟ ಮುಗಿಯುವುದಿಲ್ಲ. ಅವಳ ಅಳತೆ ಒಂದು ಕೆಜಿ ಮಿಡಿಗೆ ಕಾಲು ಕೆಜಿ ಕಲ್ಲುಪ್ಪು. ಮೆಣಸು, ಸಾಸಿವೆ ಎಲ್ಲಾ ಸೇರಿದ ಮೇಲೆ ತೂಕದಲ್ಲಿ ಆರರಲ್ಲಿ ಒಂದು ಪಾಲು ಉಪ್ಪೇ ಇರುತ್ತದೆ. ಒಂದು ಮಿಡಿ, ಜೊತೆಗೆ ಒಂದಿಷ್ಟು ರಸ ಅಂದರೆ ಸುಮಾರು 2 ಗ್ರಾಂ ಉಪ್ಪು. ಮಧ್ಯಾಹ್ನ ಒಂದು, ರಾತ್ರಿ ಒಂದು. ಜೊತೆಗೆ ಎರಡು ಹಪ್ಪಳಕ್ಕೆ ಇನ್ನೊಂದು ಗ್ರಾಂ. ಎಲ್ಲಾ ಸೇರಿದರೆ ಅಮ್ಮ ದಿನಕ್ಕೆ 15 ಗ್ರಾಂ ಹತ್ತಿರ ತಿನ್ನುತ್ತಿದ್ದಳು. "ನಾನು ತಿನ್ನೋದೇ ಒಂದು ಹಿಡಿ, ಅದರಲ್ಲಿ ಎಷ್ಟು ಉಪ್ಪು ಇರುತ್ತೆ" ಎಂದು ಅವಳು ಯಾವಾಗಲೂ ಹೇಳುತ್ತಿದ್ದುದು ನಿಜವೇ. ಆದರೆ ಆ ಹಿಡಿಯ ಪಕ್ಕದಲ್ಲಿ ಕೂತಿದ್ದು ಚಿಕ್ಕದಲ್ಲ.

ಇಷ್ಟೊಂದು ಉಪ್ಪು ಬಿಪಿಯನ್ನು ಏರಿಸುವುದು ಹೇಗೆ ಅಂತ ಅಮ್ಮ ಕೇಳಿದಾಗ ನಾನು ಸುಮ್ನೆ ಹೀಗೆ ಹೇಳಿದೆ. ಉಪ್ಪು ಇದ್ದಲ್ಲಿ ನೀರು ನಿಲ್ಲುತ್ತದೆ. ಹೆಚ್ಚಾದ ಉಪ್ಪನ್ನು ಕಿಡ್ನಿ ಹೊರಗೆ ಕಳಿಸಬೇಕು. ವಯಸ್ಸಾದ ಹಾಗೆ, ಬಿಪಿ ಇರುವವರಲ್ಲಿ, ಆ ಕೆಲಸ ನಿಧಾನವಾಗುತ್ತದೆ. ಅಲ್ಲಿಯವರೆಗೆ ರಕ್ತನಾಳದಲ್ಲಿ ನೀರು ಜಾಸ್ತಿ ಇರುತ್ತದೆ, ಗೋಡೆ ಮೇಲೆ ಒತ್ತಡ ಬೀಳುತ್ತದೆ. ಎಲ್ಲರಿಗೂ ಒಂದೇ ತರ ಏರುವುದಿಲ್ಲ. ಅದೇ ಊಟ ಉಂಡ ನನ್ನ ಬಿಪಿ ಸರಿಯಾಗಿಯೇ ಇತ್ತು.

ಎರಡನೇ ಸಲ ಬಟ್ಟಲನ್ನೇ ನಂಬಿದೆ. ಅರ್ಧಕ್ಕೆ ಇಳಿಸುವ ಬದಲು ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಇಳಿಸಿದೆ. ಮೊದಲ ವಾರ ಬಟ್ಟಲಿಗೆ 35 ಗ್ರಾಂ, ಎರಡನೇ ವಾರ 31, ಆಮೇಲೆ 28, 26, 24. ಬಟ್ಟಲು ಖಾಲಿಯಾದರೆ ಅವತ್ತಿಗೆ ಅಷ್ಟೇ. ಬೆಳಗ್ಗೆ ಕೈ ಬಿಗಿ ಹಿಡಿಯದಿದ್ದರೆ ರಾತ್ರಿಗೆ ಉಳಿಯುವುದಿಲ್ಲ, ಹಾಗಾಗಿ ಕೈ ತಾನಾಗಿ ಬಿಗಿಯಾಯಿತು. ಊಟದ ಮೇಜಿನಿಂದ ಉಪ್ಪಿನ ಡಬ್ಬಿಯನ್ನು ಎತ್ತಿ ಕಪಾಟಿನ ಮೇಲಿನ ಅರೆಗೆ ಇಟ್ಟೆ. ಬೇಕಾದವರು ಎದ್ದು ಹೋಗಿ ತರಬಹುದು. ಯಾರೂ ಎದ್ದು ಹೋಗಲಿಲ್ಲ.

ಮೂರನೇ ವಾರದವರೆಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ನಾಲ್ಕನೇ ವಾರ ಅಮ್ಮ ಸಾರಿನಲ್ಲಿ ಹಿಡಿದಳು. ಪಲ್ಯದಲ್ಲಿ, ಉಪ್ಪಿಟ್ಟಿನಲ್ಲಿ ಹಿಡಿಯಲಿಲ್ಲ. ಚಪಾತಿ ಹಿಟ್ಟಿಗೆ ಉಪ್ಪು ಪೂರ್ತಿ ನಿಲ್ಲಿಸಿದ್ದು ಇವತ್ತಿಗೂ ಯಾರ ಗಮನಕ್ಕೂ ಬಂದಿಲ್ಲ, ಸಾಗುವಿನ ಜೊತೆ ತಿನ್ನುವಾಗ ಅದು ಗೊತ್ತೇ ಆಗುವುದಿಲ್ಲ. ಮಜ್ಜಿಗೆಗೂ ಉಪ್ಪು ಬಿಟ್ಟೆ. ಶುಂಠಿ, ಕರಿಬೇವು, ಇಂಗು ಜಜ್ಜಿ ಹಾಕಿದರೆ ಕುಡಿಯಲು ಹಿತವಾಗಿಯೇ ಇರುತ್ತದೆ. ಈ ಎರಡರಲ್ಲೇ ದಿನಕ್ಕೆ 9 ಗ್ರಾಂ ಉಳಿಯಿತು.

ಕಷ್ಟ ಕೊಟ್ಟಿದ್ದು ಸಾರು. ಅದರಲ್ಲಿ ಎರಡು ವಿಷಯ ಕಲಿತೆ. ಒಂದು, ಉಪ್ಪು ಹಾಕುವ ಹೊತ್ತು. ನಾನು ಮೊದಲು ಬೇಳೆ, ತರಕಾರಿ ಬೇಯುವಾಗಲೇ ಕುಕ್ಕರಿಗೆ ಉಪ್ಪು ಹಾಕುತ್ತಿದ್ದೆ. ಅದು ಹೋಳಿನ ಒಳಗೆ ಹೋಗಿ ಕೂರುತ್ತದೆ. ಆಮೇಲೆ ರುಚಿ ನೋಡಿದರೆ ಸಪ್ಪೆ ಅನ್ನಿಸುತ್ತದೆ, ಮತ್ತೆ ಹಾಕುತ್ತೇವೆ. ಈಗ ಎಲ್ಲಾ ಕುದಿದು, ಇಳಿಸುವ ಮುಂಚೆ ಒಂದೇ ಸಲ ಹಾಕುತ್ತೇನೆ. ಉಪ್ಪು ತಿಳಿಯಲ್ಲೇ ಉಳಿಯುತ್ತದೆ, ನಾಲಗೆಗೆ ಬೇಗ ಸಿಗುತ್ತದೆ. ಕೋಸಂಬರಿಯಲ್ಲಂತೂ ಬಡಿಸುವ ಹೊತ್ತಿಗೆ ಮೇಲೆ ಉದುರಿಸಿದರೆ ಅರ್ಧ ಉಪ್ಪು ಸಾಕು, ನೀರೂ ಬಿಡುವುದಿಲ್ಲ.

ಇನ್ನೊಂದು, ಹುಳಿ ಮತ್ತು ಖಾರ. ಉಪ್ಪು ಕಮ್ಮಿಯಾದರೆ ಹುಳಿ ಜಾಸ್ತಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕೊನೆಗೆ ಹಿಂಡಿದ ನಿಂಬೆ ರುಚಿಯನ್ನು ಎತ್ತುತ್ತದೆ, ಹೌದು. ಆದರೆ ಹುಣಸೆ ರಸ, ಸಾರಿನ ಪುಡಿ ಮೊದಲಿನಷ್ಟೇ ಹಾಕಿ ಉಪ್ಪು ಮಾತ್ರ ಇಳಿಸಿದರೆ ಸಾರು ಒಗರು ಒಗರಾಗಿ, ಬರೀ ಹುಳಿ, ಬರೀ ಖಾರ ಎದ್ದು ನಿಲ್ಲುತ್ತದೆ. ಗಾಢವಾದ ಹುಳಿ, ಖಾರ ಉಪ್ಪನ್ನು ಕೇಳುತ್ತವೆ. ಮೂರನ್ನೂ ಒಟ್ಟಿಗೆ ಇಳಿಸಿದ ದಿನ ಸಾರು ಮತ್ತೆ ಸಾರಾಯಿತು. ಬೇಳೆಯ ಕಟ್ಟು ಸ್ವಲ್ಪ ಜಾಸ್ತಿ, ಜೀರಿಗೆ, ಮೆಣಸು ಹುರಿದು ಕುಟ್ಟಿದ್ದು, ತುಪ್ಪದ ಒಗ್ಗರಣೆ. ಅಮ್ಮ ಅವತ್ತು ಎರಡನೇ ಸಲ ಹಾಕಿಸಿಕೊಂಡಳು.

ಇನ್ನು ಜಾಡಿಯ ವಿಷಯ. "ಉಪ್ಪಿಗಿಂತ ರುಚಿಯಿಲ್ಲ" ಅಂತ ಗಾದೆ ಹೇಳುತ್ತಲೇ ಅಮ್ಮ ಉಪ್ಪಿನಕಾಯಿಗೆ ಉಪ್ಪು ಕಮ್ಮಿ ಹಾಕುವ ಮಾತನ್ನು ತಳ್ಳಿಹಾಕಿದಳು. ಇಲ್ಲಿ ಅವಳದೇ ಸರಿ. ಮಿಡಿಯನ್ನು ಭರಣಿಯಲ್ಲಿ ಪದರ ಪದರವಾಗಿ ಕಲ್ಲುಪ್ಪು ಹಾಕಿ ಇಡುತ್ತಾರಲ್ಲ, ಆ ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಮಿಡಿ ಚಿರುಟುತ್ತದೆ, ಉಪ್ಪುನೀರು ಮೇಲೆ ಬರುತ್ತದೆ. ಅಷ್ಟು ಉಪ್ಪಿನಲ್ಲಿ ಕೆಡಿಸುವ ಜೀವಿಗಳು ಬೆಳೆಯಲಾರವು. ಉಪ್ಪನ್ನು ಅರ್ಧ ಮಾಡಿ ಹೊರಗಿಟ್ಟರೆ ಮೇಲೆ ಬಿಳಿ ಬೂಷ್ಟು ಬರುತ್ತದೆ, ಮಿಡಿ ಮೆತ್ತಗಾಗುತ್ತದೆ, ವಾಸನೆ ತಿರುಗುತ್ತದೆ. ಹಾಗಾದ ಉಪ್ಪಿನಕಾಯಿ ಚೆಲ್ಲಬೇಕು, ಮೇಲಿನದು ತೆಗೆದು ತಿನ್ನುವುದಲ್ಲ. ವರ್ಷದ ಉಪ್ಪಿನಕಾಯಿಯಲ್ಲಿ ಉಪ್ಪೇ ಕಾವಲು. ಅಲ್ಲಿ ಅಳತೆ ಮುಟ್ಟಬಾರದು, ತಟ್ಟೆಗೆ ಬರುವ ಪಾಲನ್ನು ಮುಟ್ಟಬೇಕು.

ನಾವು ಹಾಗೇ ಮಾಡಿದೆವು. ಒಂದು ಮಿಡಿಯನ್ನು ನಾಲ್ಕು ಸೀಳು ಮಾಡಿ, ರಸ ಜಾಡಿಗೇ ಬಸಿದು, ಒಂದು ಸೀಳು ಅಮ್ಮನ ತಟ್ಟೆಗೆ, ಮಧ್ಯಾಹ್ನ ಮಾತ್ರ. ಅಂದರೆ ಅರ್ಧ ಗ್ರಾಂ ಉಪ್ಪು. ರಸವನ್ನು ಮೊಸರನ್ನಕ್ಕೆ ಕಲಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇತ್ತು, ಅದನ್ನು ಬಿಟ್ಟೆವು. ರಾತ್ರಿಗೆ ಬೇರೆಯದು. 250 ಗ್ರಾಂ ಹುಳಿ ಮಾವು ಸಣ್ಣಗೆ ಹೆಚ್ಚಿ, 5 ಗ್ರಾಂ ಉಪ್ಪು, ಮೆಣಸಿನ ಪುಡಿ, ಸಾಸಿವೆ ಪುಡಿ, ಇಂಗಿನ ಒಗ್ಗರಣೆ. ಇದು ಫ್ರಿಜ್ಜಿನಲ್ಲೇ ಇರಬೇಕು, ನಾಲ್ಕು ದಿನದಲ್ಲಿ ಮುಗಿಸಬೇಕು, ಒಣಗಿದ ಚಮಚವನ್ನೇ ಹಾಕಬೇಕು. ಒಂದು ಚಮಚದಲ್ಲಿ ಕಾಲು ಗ್ರಾಂ ಉಪ್ಪು ಬರುವುದೂ ಕಷ್ಟ. ಮಾವು ಇಲ್ಲದ ಕಾಲಕ್ಕೆ ನೆಲ್ಲಿಕಾಯಿ, ಬಿಂಬಳಕಾಯಿ, ಯಾವುದಾದರೂ ಸರಿ.

ಸಂಡಿಗೆ, ಹಪ್ಪಳದ ಕಥೆ ಉಪ್ಪಿನಕಾಯಿಗೆ ಪೂರ್ತಿ ಉಲ್ಟಾ. ಇವನ್ನು ಕಾಪಾಡುವುದು ಬಿಸಿಲು. ನೀರಿನ ಪಸೆ ಇಲ್ಲದಂತೆ ಒಣಗಿದರೆ ಉಪ್ಪು ಕಮ್ಮಿ ಇದ್ದರೂ ವರ್ಷ ಇರುತ್ತವೆ. ಹಾಗಾಗಿ ಇಲ್ಲಿ ಅಳತೆಯನ್ನೇ ಧೈರ್ಯವಾಗಿ ಇಳಿಸಬಹುದು. ಈ ಬೇಸಿಗೆಯಲ್ಲಿ ಅಕ್ಕಿ ಸಂಡಿಗೆ ಮಾಡುವಾಗ ಅಮ್ಮ ಹಿಟ್ಟು ಕಾಸಿ, ಬೆರಳಲ್ಲಿ ಒಂಚೂರು ನಾಲಗೆಗೆ ಇಟ್ಟು "ಉಪ್ಪು ಸರಿ ಇದೆ" ಎಂದಳು. ನಾನು ಒಂದು ಹಸಿ ಸಂಡಿಗೆಯನ್ನು ಇಟ್ಟಾಗ ತೂಗಿದೆ, ಮೂರು ದಿನ ಒಣಗಿದ ಮೇಲೆ ಮತ್ತೆ ತೂಗಿದೆ. 24 ಗ್ರಾಂ ಇದ್ದದ್ದು 6 ಗ್ರಾಂ ಆಗಿತ್ತು. ಹೋಗಿದ್ದು ಬರೀ ನೀರು. ಉಪ್ಪೆಲ್ಲಾ ಅಲ್ಲೇ ಇದೆ. ಅಂದರೆ ಹಸಿ ಹಿಟ್ಟಿನಲ್ಲಿ ಸರಿ ಅನ್ನಿಸಿದ ಉಪ್ಪು ಒಣಗಿದ ಮೇಲೆ ನಾಲ್ಕು ಪಾಲು ಗಟ್ಟಿಯಾಗಿರುತ್ತದೆ. ಎರಡನೇ ಸಲ ಹಿಟ್ಟು ಬಾಯಿಗೆ ಸಪ್ಪೆ ಅನ್ನಿಸುವಾಗಲೇ ನಿಲ್ಲಿಸಿದೆವು, ಬದಲಿಗೆ ಜೀರಿಗೆ, ಹಸಿಮೆಣಸು ಜಾಸ್ತಿ. ಕರಿದಾಗ ಅರಳುವುದರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. ಮಜ್ಜಿಗೆ ಮೆಣಸಿಗೂ ಇದೇ ಮಾತು.

ಅಂಗಡಿಯ ಹಪ್ಪಳದಲ್ಲಿ ಇನ್ನೊಂದು ಮರೆಯಿದೆ. ಉದ್ದಿನ ಹಪ್ಪಳಕ್ಕೆ ಉಪ್ಪಿನ ಜೊತೆ ಸೋಡಾದ ಜಾತಿಯ ಹಪ್ಪಳ ಖಾರವೂ ಹಾಕುತ್ತಾರೆ. ಅದು ಉಪ್ಪಾಗಿ ನಾಲಗೆಗೆ ಗೊತ್ತಾಗುವುದಿಲ್ಲ, ಆದರೆ ಅದರಲ್ಲೂ ಸೋಡಿಯಂ ಇದೆ. ಬಿಪಿಗೆ ಸಂಬಂಧಪಟ್ಟಿದ್ದು ಸೋಡಿಯಮ್ಮೇ. ಪ್ಯಾಕೆಟ್ಟಿನ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಮಿಗೆ 1700 ಮಿಲಿಗ್ರಾಂ ಅಂತಿದ್ದರೆ ಅದು ನಾಲ್ಕು ಗ್ರಾಂ ದಾಟಿದ ಉಪ್ಪು. 12 ಗ್ರಾಂ ತೂಗುವ ಒಂದು ಹಪ್ಪಳಕ್ಕೆ ಅರ್ಧ ಗ್ರಾಂ. ಕರಿಯುವ ಬದಲು ಸುಟ್ಟರೆ ಎಣ್ಣೆ ಉಳಿಯುತ್ತದೆ, ಉಪ್ಪು ಹಾಗೇ ಇರುತ್ತದೆ. ಚಕ್ಕುಲಿ, ಕೋಡುಬಳೆಯನ್ನು ಮನೆಯಲ್ಲಿ ಮಾಡುವಾಗ ಉಪ್ಪು ಇಳಿಸುವುದು ಸುಲಭ, ಎಳ್ಳು, ಓಮ, ಇಂಗು ಇದ್ದರೆ ಸಾಕು. ಮಿಕ್ಸ್ಚರ್ ತರುವುದನ್ನು ಕಮ್ಮಿ ಮಾಡಿದೆವು. ಮಗನಿಗೆ ಬೇಸರ ಆಯಿತು, ಈಗ ಹುರಿದ ಕಡಲೆಕಾಯಿಗೆ ಒಗ್ಗಿಕೊಂಡಿದ್ದಾನೆ.

ಮಧ್ಯದಲ್ಲಿ ಬಂಧುಗಳೊಬ್ಬರು ಸೈಂಧವ ಲವಣ ತಂದುಕೊಟ್ಟರು, ಅದು ಬಿಪಿಗೆ ಒಳ್ಳೆಯದು ಅಂತ. ಪ್ರೀತಿಯಿಂದ ತಂದದ್ದು. ಆದರೆ ಸೈಂಧವ, ಕರಿ ಉಪ್ಪು, ಕಲ್ಲುಪ್ಪು ಎಲ್ಲದರಲ್ಲೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಹರಳು ದಪ್ಪ ಇರುವುದರಿಂದ ಚಮಚದಲ್ಲಿ ಕಮ್ಮಿ ಹಿಡಿಯುತ್ತದೆ, ತೂಕದಲ್ಲಿ ಯಾವ ಲಾಭವೂ ಇಲ್ಲ. ಅಯೋಡಿನ್ ಸೇರಿಸಿದೆ ಅಂತ ಪ್ಯಾಕೆಟ್ ಮೇಲೆ ಇಲ್ಲದಿದ್ದರೆ ಅದೂ ತಪ್ಪಿಹೋಗುತ್ತದೆ. ಇರುವ ಅಯೋಡಿನ್ ಉಪ್ಪನ್ನೇ ಕಮ್ಮಿ ಹಾಕುವುದು ಮೇಲು.

ನಿಜವಾಗಿ ಬೇರೆಯಾದದ್ದು ಕಮ್ಮಿ ಸೋಡಿಯಂ ಉಪ್ಪು. ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ನಡೆದ ದೊಡ್ಡ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯು ಆಗಿದ್ದವರು ಮತ್ತು ಬಿಪಿ ಇದ್ದ ವಯಸ್ಸಾದವರು ಮನೆಯಲ್ಲಿ ಮುಕ್ಕಾಲು ಮಾಮೂಲಿ ಉಪ್ಪು, ಕಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದಾಗ ಪಾರ್ಶ್ವವಾಯು ಶೇಕಡಾ 14ರಷ್ಟು ಕಮ್ಮಿಯಾಯಿತು. ನನಗೂ ತರುವ ಆಸೆ ಆಯಿತು. ಡಾಕ್ಟರು ಬೇಡ ಎಂದರು. ಅಮ್ಮ ತೆಗೆದುಕೊಳ್ಳುವುದು ಟೆಲ್ಮಿಸಾರ್ಟಾನ್. ಆ ಗುಂಪಿನ ಮಾತ್ರೆಗಳು ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತವೆ. ಕಿಡ್ನಿಯೂ ಸ್ವಲ್ಪ ನಿಧಾನ ಇದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಕಿಡ್ನಿ ಹೇಗಿದೆ ಅಂತ ರಕ್ತ ಪರೀಕ್ಷೆಯಲ್ಲಿ ತೋರಿಸುವ ಕ್ರಿಯಾಟಿನಿನ್ ಅಮ್ಮನಿಗೆ ಗಡಿಯಲ್ಲಿದೆ. ಹಾಗಾಗಿ ಆ ಪ್ಯಾಕೆಟ್ ನಮ್ಮ ಮನೆಗೆ ಬರಲಿಲ್ಲ. ನಿಮ್ಮ ಮನೆಯಲ್ಲಿ ಬಿಪಿ ಮಾತ್ರೆ ತಿನ್ನುವವರು, ಕಿಡ್ನಿ ತೊಂದರೆ ಇರುವವರು ಇದ್ದರೆ ದಯವಿಟ್ಟು ಕೇಳಿಯೇ ತನ್ನಿ. ಒಲೆ ಮೇಲಿನ ಉಪ್ಪು ಎಲ್ಲರ ಹೊಟ್ಟೆಗೂ ಹೋಗುತ್ತದೆ.

ಹತ್ತು ವಾರ ಕಳೆದ ಮೇಲೆ ಮತ್ತೆ ಒಂದು ವಾರ ಅಳೆದೆವು. ಮೊದಲಿನ ಕ್ರಮದಲ್ಲೇ. ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮಾತ್ರೆಗೂ ಮುಂಚೆ ಐದು ನಿಮಿಷ ಸುಮ್ಮನೆ ಒರಗಿ ಕೂತು, ಕೈಯನ್ನು ಎದೆ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ. ಸಂಜೆಯೂ ಹಾಗೇ. ಒಂದೊಂದು ದಿನದ ಅಂಕಿ ನಂಬುವಂತಿಲ್ಲ, ಮದುವೆ ಮನೆ ಊಟದ ಮರುದಿನ ಅಮ್ಮನದು 154 ತೋರಿಸಿತ್ತು. ವಾರದ ಸರಾಸರಿ 140/82 ಬಂತು. ಮಾತ್ರೆ ಅದೇ, ಅಷ್ಟೇ. ಡಾಕ್ಟರು ಮಾತ್ರೆ ಹೆಚ್ಚಿಸಲಿಲ್ಲ, ಇಳಿಸಲೂ ಇಲ್ಲ. ಇನ್ನೂ ಸ್ವಲ್ಪ ಇಳಿಯಲಿ, ಹೀಗೇ ಮುಂದುವರಿಸಿ ಎಂದರು. ಒಂದು ಎಚ್ಚರಿಕೆಯನ್ನೂ ಹೇಳಿದರು. ಬೇಸಿಗೆಯಲ್ಲಿ ಬೆವರು ಜಾಸ್ತಿ, ಭೇದಿ ಏನಾದರೂ ಆದರೆ, ಎದ್ದಾಗ ತಲೆ ಸುತ್ತಿದರೆ, ಮಾತು ಗಲಿಬಿಲಿ ಆದರೆ ತಡ ಮಾಡದೆ ಕರೆದುಕೊಂಡು ಬನ್ನಿ ಅಂತ. ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಸೋಡಿಯಂ ತೀರಾ ಇಳಿದರೂ ಅಪಾಯವೇ.

ನಾವು ಇನ್ನೂ 5 ಗ್ರಾಮಿಗೆ ಇಳಿದಿಲ್ಲ. ಬಟ್ಟಲು 24ರಲ್ಲಿ ನಿಂತಿದೆ, ಒಬ್ಬರಿಗೆ ಆರು. ಉಪ್ಪಿನಕಾಯಿ ಸೇರಿದರೆ ಅಮ್ಮನದು ಏಳು ಹತ್ತಿರ. ಅವಸರ ಮಾಡಿದರೆ ಜಾಡಿ ಕಡೆ ಕೈ ಹೋಗುತ್ತದೆ ಅನ್ನುವುದು ಗೊತ್ತಿರುವುದರಿಂದ ಎರಡು ತಿಂಗಳು ಅಲ್ಲೇ ಬಿಟ್ಟಿದ್ದೇನೆ. ನಾಲಗೆಯೂ ಬದಲಾಗುತ್ತಿದೆ. ಮೊನ್ನೆ ಹೋಟೆಲಿನಿಂದ ತಂದ ಸಾಂಬಾರನ್ನು ಅಮ್ಮ ಒಂದು ಚಮಚ ತಿಂದು ಪಕ್ಕಕ್ಕೆ ಸರಿಸಿದಳು. "ಇದೇನಿದು, ಉಪ್ಪು ಸುರಿದಿದ್ದಾರೆ" ಎಂದಳು. ಮೊದಲೆಲ್ಲ ಅಮ್ಮನಿಗೆ ಇಷ್ಟವಾಗುತ್ತಿದ್ದ ಅದೇ ಹೋಟೆಲಿನ ಸಾಂಬಾರು ಅದು.

ಈಗಿನ ಪ್ಯಾಕೆಟ್ ಒಡೆದು ಇವತ್ತಿಗೆ 38 ದಿನ. ಡಬ್ಬಿಯ ತಳದಲ್ಲಿ ಇನ್ನೂ ಮೂರು ದಿನಕ್ಕೆ ಆಗುವಷ್ಟು ಉಪ್ಪಿದೆ.